ಪ್ಲಾನಿನಲ್ಲಿ ಉಳಿದದ್ದು ಒಂದೇ ಅಳತೆ

ಹಳೆ ಮನೆ ಕೊಳ್ಳಲು ಹೊರಟವರ ಮೊಬೈಲಿಗೆ ಒಂದಲ್ಲ ಒಂದು ದಿನ ಇಂಥ ಫೋಟೊ ಬರುತ್ತದೆ. ಬೀರುವಿನಲ್ಲಿ ವರ್ಷಗಟ್ಟಲೆ ಮಡಚಿಟ್ಟಿದ್ದ ಪ್ಲಾನು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಸವೆದು ಅಂಕಿಗಳು ಅಳಿಸಿಹೋಗಿವೆ, ಒಂದು ಮೂಲೆಗೆ ನೀರು ಇಳಿದಿದೆ, ಉಳಿದ ಕಡೆ ಕಚೇರಿಯ ಸೀಲು ಬಿದ್ದಿದೆ. ಗೋಡೆ, ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಓದಲು ಬರುವ ಅಳತೆ ಒಂದೇ ಒಂದು: ಮನೆಯ ಮುಂಭಾಗದ ಅಗಲ, 24'-0".

ಕೊಳ್ಳುವವರಿಗೆ ಬೇಕಾಗಿರುವುದು ಆ ಅಳತೆಯಲ್ಲ. ನೈರುತ್ಯದ ಬೆಡ್‌ರೂಮಿನಲ್ಲಿ ಡಬಲ್ ಕಾಟ್ ಹಾಕಿ, ಕಾಲಕಡೆಯ ಗೋಡೆಗೆ ವಾರ್ಡ್‌ರೋಬ್ ಮಾಡಿಸಿದರೆ ನಡುವೆ ಓಡಾಡಲು ಜಾಗ ಉಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಮನೆ ಇರುವುದು ಮೈಸೂರಿನಲ್ಲಿ, ಕೇಳುತ್ತಿರುವವರು ಪುಣೆಯಲ್ಲಿ. ಇವತ್ತೇ ಟೇಪು ಹಿಡಿದು ಹೋಗುವಂತಿಲ್ಲ. ಹಾಗಾದರೆ ಆ ಒಂದು ಅಂಕಿಯನ್ನೇ ಹಿಡಿದು ಫೋಟೊದ ಮೇಲೆ ಉಳಿದದ್ದನ್ನು ಅಳೆಯಬಹುದೇ? ಅಳೆಯಬಹುದು. ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಅದೇ ಫೋಟೊ ಹೇಳುತ್ತದೆ, ಕೇಳುವುದು ಗೊತ್ತಿದ್ದರೆ. ಇಲ್ಲಿ ಕೊಡುವ ಉದಾಹರಣೆಯ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ನಾನೇ ಇಟ್ಟುಕೊಂಡಿದ್ದೇನೆ. ಲೆಕ್ಕದ ದಾರಿ ಯಾವ ಪ್ಲಾನಿಗಾದರೂ ಇದೇ.

ಮೂಲದಲ್ಲಿ ಇದು ಶಾಲೆಯಲ್ಲಿ ಕಲಿತ ತ್ರೈರಾಶಿ, ಅಷ್ಟೇ. ಫೋಟೊವನ್ನು ಪ್ರಿಂಟ್ ತೆಗೆದು, 24 ಅಡಿ ಎಂದು ಬರೆದಿರುವ ಗೆರೆಯ ಮೇಲೆ ಸ್ಕೇಲು ಇಡಿ. 144 ಮಿಲಿಮೀಟರ್ ಬಂತು ಎನ್ನಿ. ಅಂದರೆ ಆ ಪ್ರಿಂಟಿನಲ್ಲಿ ಒಂದು ಅಡಿಗೆ 6 ಮಿಲಿಮೀಟರ್. ಬೆಡ್‌ರೂಮಿನ ಅಗಲ 60 ಮಿಲಿಮೀಟರ್ ಇದ್ದರೆ ಕೋಣೆ 10 ಅಡಿ. ಆದರೆ ಈ ವಿಧಾನದಲ್ಲಿ ಸ್ಕೇಲಿನ ಮೇಲೆ ಒಂದು ಮಿಲಿಮೀಟರ್ ಆಚೀಚೆ ಓದಿದರೂ ಮನೆಯಲ್ಲಿ 2 ಇಂಚು ವ್ಯತ್ಯಾಸ ಬರುತ್ತದೆ. ಅದಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಫೋಟೊವನ್ನು ಹಿಗ್ಗಿಸಿ ಪಿಕ್ಸೆಲ್ ಲೆಕ್ಕದಲ್ಲಿ ಅಳೆಯುವುದು ಒಳ್ಳೆಯದು. ಫೋಟೊ ಎಂದರೆ ಸಣ್ಣ ಸಣ್ಣ ಚೌಕದ ಚುಕ್ಕೆಗಳ ರಾಶಿ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಸುಮಾರು 4000 ಚುಕ್ಕೆ ಉದ್ದಕ್ಕೆ, 3000 ಚುಕ್ಕೆ ಅಡ್ಡಕ್ಕೆ ಇರುತ್ತವೆ. ಅವುಗಳೇ ನಮ್ಮ ಅಳತೆಪಟ್ಟಿಯ ಗೀರುಗಳು.

ಇಲ್ಲೊಂದು ಎಚ್ಚರ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಗೀರುಗಳು ಕಡಿಮೆಯಾಗುತ್ತವೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದರೆ ಮೂಲ ಗಾತ್ರದಲ್ಲೇ ಬರುತ್ತದೆ.

ಅಳೆಯಲು ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಡ. GIMP ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ Measure ಎಂಬ ಉಪಕರಣವಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಎಷ್ಟು ಪಿಕ್ಸೆಲ್ ಎಂದು ತೋರಿಸುತ್ತದೆ. ಅದಕ್ಕಿಂತ ಅನುಕೂಲವಾದದ್ದು ImageJ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಸೂಕ್ಷ್ಮದರ್ಶಕದ ಚಿತ್ರಗಳನ್ನೂ ಅಂಥ ಇತರ ಚಿತ್ರಗಳನ್ನೂ ಅಳೆಯಲೆಂದು ಹುಟ್ಟಿದ ಉಚಿತ ತಂತ್ರಾಂಶ ಇದು. ಜೀವಕೋಶವನ್ನು ಅಳೆಯುವ ಕ್ರಮದಲ್ಲೇ ಬೆಡ್‌ರೂಮನ್ನೂ ಅಳೆಯಬಹುದು. ಗೆರೆ ಎಳೆಯುವ ಉಪಕರಣದಿಂದ 24 ಅಡಿಯ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದು, Analyze > Set Scale ತೆರೆಯಿರಿ. ಎಳೆದ ಗೆರೆಯ ಪಿಕ್ಸೆಲ್ ಲೆಕ್ಕ ಅಲ್ಲಿ ತಾನಾಗಿಯೇ ಬಂದಿರುತ್ತದೆ. Known distance ಎಂಬಲ್ಲಿ 24, Unit of length ಎಂಬಲ್ಲಿ ft ಎಂದು ತುಂಬಿ. ಅಲ್ಲಿಂದ ಮುಂದೆ ಯಾವ ಗೆರೆ ಎಳೆದು M ಒತ್ತಿದರೂ ಉತ್ತರ ಅಡಿಯಲ್ಲೇ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ 24 ಅಡಿಯ ಗೆರೆ 1632 ಪಿಕ್ಸೆಲ್ ಉದ್ದ ಬಂತು. ಭಾಗಿಸಿದರೆ ಅಡಿಗೆ 68 ಪಿಕ್ಸೆಲ್. ಪ್ಲಾನಿನ ಮೂಲೆಯಲ್ಲಿ 1:100 ಎಂದೋ, ಒಂದು ಇಂಚಿಗೆ 8 ಅಡಿ ಎಂದೋ ಬರೆದಿದ್ದರೆ ಅದನ್ನು ಇಲ್ಲಿ ಮರೆತುಬಿಡಿ. ಅದು ಮೂಲ ಕಾಗದಕ್ಕೆ ಸಂಬಂಧಿಸಿದ ಮಾತು. ಜೆರಾಕ್ಸ್‌ನಲ್ಲಿ ಕುಗ್ಗಿ, ಮೊಬೈಲಿನಲ್ಲಿ ಹಿಗ್ಗಿ ಬಂದ ಚಿತ್ರಕ್ಕೆ ಆ ಅನುಪಾತ ಅನ್ವಯಿಸುವುದಿಲ್ಲ. ಚಿತ್ರದ ಜೊತೆಗೇ ಕುಗ್ಗಿ ಹಿಗ್ಗುವ, ಅಡಿಗಳ ಗುರುತು ಹಾಕಿದ ಪಟ್ಟಿಯನ್ನು ಪ್ಲಾನಿನ ಮೇಲೇ ಬರೆದಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಮನೆ ಪ್ಲಾನುಗಳಲ್ಲಿ ಅದು ಅಪರೂಪ.

ಇನ್ನು ಆ 24 ಅಡಿ ಎಲ್ಲಿಂದ ಎಲ್ಲಿಗೆ? ಅವಸರದಲ್ಲಿ ಎಡವುವುದು ಇಲ್ಲೇ. ಗೋಡೆಯ ಹೊರಮೈಯಿಂದ ಹೊರಮೈಗೆ ಅಳತೆ ಬರೆಯುವುದುಂಟು, ಒಳಮೈಯಿಂದ ಒಳಮೈಗೆ ಬರೆಯುವುದುಂಟು, ಕಂಬಗಳಿರುವ ಕಟ್ಟಡದಲ್ಲಿ ಕಂಬದ ನಡುವಿನಿಂದ ನಡುವಿಗೆ ಬರೆಯುವುದುಂಟು. ಕೋಣೆಯ ಮಧ್ಯದಲ್ಲಿ ಹೆಸರಿನ ಕೆಳಗೆ ಬರೆದ 10'-0" X 11'-0" ಥರದ ಅಂಕಿ ಸಾಮಾನ್ಯವಾಗಿ ಒಳ ಅಳತೆ. ಕಟ್ಟಡದ ಹೊರಗೆ ಉದ್ದನೆಯ ಗೆರೆ ಎಳೆದು ಬರೆದದ್ದು ಬಹುಮಟ್ಟಿಗೆ ಹೊರ ಅಳತೆ. ಊಹೆಗೆ ಬಿಡದೆ ಗೆರೆಯ ತುದಿಗಳನ್ನು ಹಿಗ್ಗಿಸಿ ನೋಡಬೇಕು. ಅಳತೆಗೆರೆಯ ಎರಡೂ ತುದಿಯಲ್ಲಿ ಬಾಣವೋ ಓರೆ ಗೀರೋ ಇರುತ್ತದೆ. ಅಲ್ಲಿಂದ ಕಟ್ಟಡದ ಕಡೆಗೆ ಒಂದು ತೆಳು ಗೆರೆ ಇಳಿದು ಬಂದಿರುತ್ತದೆ. ಅದು ಗೋಡೆಯ ಯಾವ ಮೈಗೆ ಬಂದು ನಿಂತಿದೆಯೋ ಅಳತೆ ಅಲ್ಲಿಂದ. ಹೊರ ಅಳತೆಯನ್ನು ನಡು ಅಳತೆ ಎಂದುಕೊಂಡರೆ 9 ಇಂಚು ಗೋಡೆಯ ಮನೆಯಲ್ಲಿ 24 ಅಡಿಗೆ 9 ಇಂಚು, ಅಂದರೆ ನೂರಕ್ಕೆ ಮೂರರಷ್ಟು ತಪ್ಪು. ಆ ತಪ್ಪು ಮುಂದೆ ಅಳೆಯುವ ಪ್ರತಿಯೊಂದಕ್ಕೂ ಅಂಟಿಕೊಳ್ಳುತ್ತದೆ. ಕ್ಲಿಕ್ ಮಾಡುವಾಗ ಗೆರೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಒಂದು ತುದಿಯಲ್ಲಿ ಗೆರೆಯ ನಡುವೆ ಒತ್ತಿದರೆ ಇನ್ನೊಂದು ತುದಿಯಲ್ಲೂ ನಡುವೆಯೇ ಒತ್ತಬೇಕು.

ಅಡಿಗೆ 68 ಎಂದು ಸಿಕ್ಕಿದ ಮೇಲೆ ಬೆಡ್‌ರೂಮು ಅಳೆಯೋಣ. ಪ್ಲಾನಿನಲ್ಲಿ ಅಡ್ಡಕ್ಕೆ, ಅಂದರೆ ಪೂರ್ವ–ಪಶ್ಚಿಮಕ್ಕೆ, ಒಳಗೋಡೆಯಿಂದ ಒಳಗೋಡೆಗೆ 683 ಪಿಕ್ಸೆಲ್. 68ರಿಂದ ಭಾಗಿಸಿದರೆ 10.04 ಅಡಿ. ಪ್ಲಾನು ಬರೆದವರು 10'-0" ಎಂದೇ ಬರೆದಿರುತ್ತಾರೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಉದ್ದಕ್ಕೆ, ಉತ್ತರ–ದಕ್ಷಿಣಕ್ಕೆ, 730 ಪಿಕ್ಸೆಲ್. ಭಾಗಿಸಿದರೆ 10.74 ಅಡಿ.

ಈ 10.74ನ್ನು 10 ಅಡಿ 7 ಇಂಚು ಎಂದು ಬರೆದುಕೊಳ್ಳುವವರನ್ನು ಧಾರಾಳವಾಗಿ ಕಾಣಬಹುದು. ಅಡಿಗೆ ಹತ್ತು ಇಂಚಿದ್ದರೆ ಅದು ಸರಿಯಾಗುತ್ತಿತ್ತು. ಚುಕ್ಕೆಯ ಮುಂದಿನದನ್ನು 12ರಿಂದ ಗುಣಿಸಬೇಕು: 0.74 ಎಂದರೆ ಸುಮಾರು 9 ಇಂಚು. ಕೋಣೆ 10 ಅಡಿ 9 ಇಂಚು ಎಂದಾಯಿತು.

ಈಗ ಕಾಟಿನ ಲೆಕ್ಕ. ದೊಡ್ಡ ಡಬಲ್ ಕಾಟಿನ ಹಾಸಿಗೆ 6 ಅಡಿ ಅಗಲ, ಆರೂವರೆ ಅಡಿ ಉದ್ದ. ತಲೆಹಲಗೆ, ಕಟ್ಟು ಸೇರಿ ಉದ್ದ 7 ಅಡಿ ಹಿಡಿಯೋಣ. ವಾರ್ಡ್‌ರೋಬಿಗೆ 2 ಅಡಿ ಆಳ. ಎರಡೂ ಸೇರಿ 9 ಅಡಿ. ಉಳಿದದ್ದು 1 ಅಡಿ 9 ಇಂಚು. ಅಷ್ಟರಲ್ಲಿ ವಾರ್ಡ್‌ರೋಬಿನ ಬಾಗಿಲು ತೆಗೆದು ಎದುರು ನಿಲ್ಲುವುದು ಕಷ್ಟ. ಇಲ್ಲಿಗೇ ನಿಲ್ಲಿಸಿದರೆ ಕೊಳ್ಳುವವರು ಆ ಕೋಣೆಯನ್ನು ಬೇಡವೆನ್ನಬಹುದು. ಆದರೆ 10 ಅಡಿ 9 ಇಂಚನ್ನು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಬೇಕು. ನಮಗೆ ಕೊಟ್ಟ ಒಂದೇ ಒಂದು ಅಳತೆ ಅಡ್ಡಕ್ಕಿತ್ತು. ಅಡ್ಡಕ್ಕೆ ಅಡಿಗೆ 68 ಪಿಕ್ಸೆಲ್ ಎಂಬುದು ಸಾಬೀತಾದ ಸಂಗತಿ. ಉದ್ದಕ್ಕೂ 68 ಎಂದು ಹೇಳಿದವರು ಯಾರು?

ಯಾರೂ ಹೇಳಿಲ್ಲ. ನಾವೇ ಅಂದುಕೊಂಡದ್ದು. ಒಂದು ಅಳತೆಯಿಂದ ಸಿಗುವುದು ಒಂದು ದಿಕ್ಕಿನ ಸ್ಕೇಲು ಮಾತ್ರ. ಇನ್ನೊಂದು ದಿಕ್ಕಿನದನ್ನು ಬೇರೆ ಎಲ್ಲಿಂದಲಾದರೂ ಸಂಪಾದಿಸಬೇಕು.

ಎರಡು ದಿಕ್ಕಿಗೆ ಎರಡು ಸ್ಕೇಲು ಆಗಲು ಕಾರಣಗಳು ಬೇಕಾದಷ್ಟಿವೆ. ಒಂದು ಕಾಗದದ್ದೇ. ನಿಜವಾದ ಬ್ಲೂಪ್ರಿಂಟ್, ಅಂದರೆ ನೀಲಿ ಹಿನ್ನೆಲೆಯ ಮೇಲೆ ಬಿಳಿ ಗೆರೆಯ ನಕ್ಷೆ, 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದ್ದು. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ನಕ್ಷೆಯಿಟ್ಟು ಬಿಸಿಲಿಗೆ ಹಿಡಿದು, ಆಮೇಲೆ ಕಾಗದವನ್ನು ನೀರಿನಲ್ಲಿ ತೊಳೆಯುತ್ತಿದ್ದರು. ನೆನೆದು ಒಣಗಿದ ಕಾಗದ ಕುಗ್ಗುತ್ತದೆ, ಅದೂ ನಾರು ಹರಿದ ದಿಕ್ಕಿಗೂ ಅದಕ್ಕೆ ಅಡ್ಡಲಾದ ದಿಕ್ಕಿಗೂ ಬೇರೆ ಬೇರೆ ಪ್ರಮಾಣದಲ್ಲಿ. ನಮ್ಮಲ್ಲಿ ಬ್ಲೂಪ್ರಿಂಟ್ ಎಂದೇ ಕರೆದರೂ ಬಹಳ ಮನೆಗಳ ಬೀರುವಿನಲ್ಲಿರುವುದು ಅದರ ನಂತರ ಬಂದ ಅಮೋನಿಯಾ ಪ್ರಿಂಟ್. ಬಿಳಿ ಕಾಗದದ ಮೇಲೆ ನೀಲಿ ಗೆರೆ ಇರುತ್ತದೆ. ಅದಕ್ಕೆ ನೀರಿನ ಸ್ನಾನವಿಲ್ಲದ್ದರಿಂದ ಕುಗ್ಗುವುದು ಕಡಿಮೆ. ಹಾಗೆಂದು ಮಳೆನೀರು ಇಳಿದ ಮೂಲೆಯನ್ನು ನಂಬುವಂತಿಲ್ಲ.

ಕಾಗದಕ್ಕಿಂತ ದೊಡ್ಡ ತಪ್ಪು ಕ್ಯಾಮೆರಾದ್ದು. ಪ್ಲಾನನ್ನು ಮೇಜಿನ ಮೇಲೆ ಹರಡಿ, ಕುರ್ಚಿಯಲ್ಲಿ ಕುಳಿತೇ ಓರೆಯಾಗಿ ತೆಗೆದ ಫೋಟೊ ಎನ್ನಿ. ಹತ್ತಿರದ ಅಂಚು ದೊಡ್ಡದಾಗಿಯೂ ದೂರದ ಅಂಚು ಚಿಕ್ಕದಾಗಿಯೂ ಬರುತ್ತದೆ. ಮನೆಯ ಮುಂಗೋಡೆ 1632 ಪಿಕ್ಸೆಲ್ ಇದ್ದು, ಅಷ್ಟೇ ಅಗಲದ ಹಿಂಗೋಡೆ 1548 ಬಂದರೆ, ಕೆಳಗೆ ಅಡಿಗೆ 68 ಇದ್ದದ್ದು ಮೇಲಕ್ಕೆ ಹೋಗುವಷ್ಟರಲ್ಲಿ ಅರವತ್ತನಾಲ್ಕೂವರೆಗೆ ಇಳಿದಿದೆ ಎಂದರ್ಥ. ಅಂಥ ಫೋಟೊದಲ್ಲಿ ಪ್ರತಿ ಸಾಲಿಗೂ ಒಂದೊಂದು ಸ್ಕೇಲು, ನಡುವೆ ಎಲ್ಲಿ ಅಳೆದರೂ ತಪ್ಪೇ. ಇದನ್ನು ಕಂಡುಹಿಡಿಯುವುದು ಸುಲಭ. ಸಮಾನಾಂತರವಾಗಿರಬೇಕಾದ ಎರಡು ಹೊರಗೋಡೆಗಳು ಮೇಲೆ ಹೋದಂತೆ ಒಂದರ ಕಡೆಗೊಂದು ವಾಲಿರುತ್ತವೆ. ಹಾಗಿದ್ದರೆ ಲೆಕ್ಕಕ್ಕೆ ಕೂರದೆ ಫೋಟೊವನ್ನು ಮತ್ತೆ ತೆಗೆಸುವುದೇ ಜಾಣತನ. ಪ್ಲಾನು ನೆಲದ ಮೇಲೆ ಚಪ್ಪಟೆಯಾಗಿರಬೇಕು, ಮೊಬೈಲು ಅದರ ನಡುಮಧ್ಯಕ್ಕೆ ನೇರ ಮೇಲಿರಬೇಕು. ಹತ್ತಿರ ಹೋಗಿ ತೆಗೆಯುವುದಕ್ಕಿಂತ ಸ್ವಲ್ಪ ಮೇಲಿನಿಂದ ಎರಡರಷ್ಟು ಜೂಮ್ ಮಾಡಿ ತೆಗೆದರೆ ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗುವುದು ಕಡಿಮೆ.

ಮೂರನೆಯ ಕಾರಣ ಎಲ್ಲಕ್ಕಿಂತ ಮೋಸದ್ದು, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಸ್ಕ್ಯಾನರ್ ಆ್ಯಪ್‌ಗಳು ಓರೆಯಾದ ಫೋಟೊದ ನಾಲ್ಕು ಮೂಲೆ ಹಿಡಿದು ಎಳೆದು ಚೊಕ್ಕಟವಾದ ಆಯತ ಮಾಡಿಕೊಡುತ್ತವೆ. ವಾಲಿದ ಗೋಡೆಗಳು ನೆಟ್ಟಗಾಗುತ್ತವೆ, ಮೂಲೆಗಳು ಲಂಬವಾಗುತ್ತವೆ, ನೋಡಿದವರಿಗೆ ಸಮಾಧಾನವಾಗುತ್ತದೆ. ಆದರೆ ಆ ಆಯತದ ಉದ್ದ ಎಷ್ಟಿರಬೇಕು ಎಂಬುದು ಆ್ಯಪ್‌ಗೆ ಖಚಿತವಾಗಿ ಗೊತ್ತಿಲ್ಲ, ಅಂದಾಜಿನಲ್ಲಿ ಎಳೆದಿರುತ್ತದೆ. ನಮ್ಮ ಉದಾಹರಣೆಯ ಫೋಟೊ ಇಂಥದ್ದು. ಮುಂಗೋಡೆ, ಹಿಂಗೋಡೆ ಎರಡೂ 1632 ಪಿಕ್ಸೆಲ್. ಅನುಮಾನ ಪಡಲು ಮೇಲ್ನೋಟಕ್ಕೆ ಏನೂ ಇಲ್ಲ.

ಅನುಮಾನಕ್ಕೆ ಮೊದಲ ಎಳೆ ಸಿಗುವುದು ಬಾಗಿಲಿನಲ್ಲಿ. ಪ್ಲಾನಿನಲ್ಲಿ ಬಾಗಿಲನ್ನು ಹೇಗೆ ಬರೆಯುತ್ತಾರೆ ಎಂದು ಒಮ್ಮೆ ಗಮನಿಸಿ. ಗೋಡೆಯಲ್ಲಿ ಒಂದು ತೆರಪು, ಅದರ ಒಂದು ಬದಿಯಿಂದ ಪೂರ್ತಿ ತೆರೆದು ನಿಂತ ಹಲಗೆಯ ಗೆರೆ, ಆ ಹಲಗೆಯ ತುದಿಯಿಂದ ತೆರಪಿನ ಇನ್ನೊಂದು ಬದಿಗೆ ಕಾಲು ವೃತ್ತದ ಕಮಾನು. ಹಲಗೆಯ ಉದ್ದವೂ ತೆರಪಿನ ಅಗಲವೂ ಒಂದೇ ಇರಬೇಕು, ಎರಡೂ ಆ ವೃತ್ತದ ತ್ರಿಜ್ಯಗಳು. ತೆರಪು ಅಡ್ಡಕ್ಕಿದ್ದರೆ ಹಲಗೆ ಉದ್ದಕ್ಕೆ ನಿಂತಿರುತ್ತದೆ. ಅಂದರೆ ಬರೆದವರು ತಮಗೇ ಗೊತ್ತಿಲ್ಲದೆ ಪ್ರತಿ ಬಾಗಿಲಲ್ಲೂ ಎರಡು ದಿಕ್ಕನ್ನು ಹೋಲಿಸುವ ಸಾಧನವೊಂದನ್ನು ಇಟ್ಟುಹೋಗಿದ್ದಾರೆ. ಬೆಡ್‌ರೂಮಿನ ಬಾಗಿಲಿನ ತೆರಪು 204 ಪಿಕ್ಸೆಲ್, ಸರಿಯಾಗಿ 3 ಅಡಿ. ಉದ್ದಕ್ಕೆ ನಿಂತ ಹಲಗೆ 199 ಪಿಕ್ಸೆಲ್. ಐದು ಪಿಕ್ಸೆಲ್ ಕಮ್ಮಿ. ಉದ್ದದ ದಿಕ್ಕಿನಲ್ಲಿ ಚಿತ್ರ ಅಮುಕಿದಂತಿದೆ.

ಆದರೆ ಐದು ಪಿಕ್ಸೆಲ್ ಮೇಲೆ ತೀರ್ಪು ಕೊಡುವಂತಿಲ್ಲ. ಮಸುಕಾದ ಗೆರೆಯ ಮೇಲೆ ಕ್ಲಿಕ್ ಮಾಡುವಾಗ ಎರಡೂ ತುದಿ ಸೇರಿ ಮೂರು ಪಿಕ್ಸೆಲ್ ಆಚೀಚೆ ಆಗುವುದು ಸಹಜ. 204ರಲ್ಲಿ 3 ಎಂದರೆ ನೂರಕ್ಕೆ ಒಂದೂವರೆ. ಅದೇ 3 ಪಿಕ್ಸೆಲ್ 1632ರಲ್ಲಿ ನೂರಕ್ಕೆ 0.2ಕ್ಕಿಂತ ಕಡಿಮೆ. ಬಾಗಿಲಿನಂಥ ಚಿಕ್ಕ ವಸ್ತುವಿನಿಂದ ಸ್ಕೇಲು ಕಟ್ಟಿ 24 ಅಡಿಯ ಮನೆ ಅಳೆಯಲು ಹೋದರೆ 4 ಇಂಚಿಗೂ ಹೆಚ್ಚು ತಪ್ಪಬಹುದು. 24 ಅಡಿಯಿಂದ ಕಟ್ಟಿದ ಸ್ಕೇಲಿನಲ್ಲಿ ಬಾಗಿಲು ಅಳೆದರೆ ಸ್ಕೇಲಿನ ದೋಷದಿಂದ ಬರುವ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಸ್ಕೇಲು ಕಟ್ಟಲು ಸಿಕ್ಕಿದ್ದರಲ್ಲೆಲ್ಲ ಉದ್ದದ್ದನ್ನೇ ಆರಿಸಬೇಕು, ಚಿಕ್ಕದ್ದನ್ನು ಅನುಮಾನ ಹುಟ್ಟಿಸಲು ಮಾತ್ರ ಇಟ್ಟುಕೊಳ್ಳಬೇಕು.

ಹಾಗಾದರೆ ಉತ್ತರ–ದಕ್ಷಿಣಕ್ಕೆ ಉದ್ದನೆಯ, ಗೊತ್ತಿರುವ ಅಳತೆ ಎಲ್ಲಿ ಸಿಗುತ್ತದೆ? ಪ್ಲಾನಿನಲ್ಲಿ ಇಲ್ಲ, ಆದರೆ ಕ್ರಯಪತ್ರದಲ್ಲಿದೆ. ನಮ್ಮ ಕ್ರಯಪತ್ರದ ಕೊನೆಯ ಷೆಡ್ಯೂಲಿನಲ್ಲಿ ಚಕ್ಕುಬಂದಿಯ ಜೊತೆಗೆ ನಿವೇಶನದ ಅಳತೆಯೂ ಇರುತ್ತದೆ: ಪೂರ್ವ–ಪಶ್ಚಿಮ 30 ಅಡಿ, ಉತ್ತರ–ದಕ್ಷಿಣ 40 ಅಡಿ. ಬಡಾವಣೆಯ ಥರ್ಟಿ ಫಾರ್ಟಿ ಸೈಟು. ಮನೆಯ ಪ್ಲಾನಿನಲ್ಲಿ ಕಟ್ಟಡದ ಸುತ್ತ ಸೈಟಿನ ಎಲ್ಲೆಯ ಗೆರೆ ಇದ್ದೇ ಇರುತ್ತದೆ, ಸೆಟ್‌ಬ್ಯಾಕ್ ತೋರಿಸಲು ಅದು ಬೇಕು. ಮೊದಲು ಅಡ್ಡಕ್ಕೆ ಅಳೆದು ನೋಡೋಣ: ಸೈಟಿನ ಅಗಲ 2040 ಪಿಕ್ಸೆಲ್. 68ರಿಂದ ಭಾಗಿಸಿದರೆ ಸರಿಯಾಗಿ 30 ಅಡಿ. ನಾವು ಓದಿದ 24'-0" ಅಂಕಿ ಸರಿ, ಅದು ಹೊರ ಅಳತೆಯೇ ಹೌದು ಎಂದು ಎರಡೂ ಒಂದೇ ಏಟಿಗೆ ಖಾತ್ರಿಯಾಯಿತು. ಈಗ ಉದ್ದಕ್ಕೆ: 2656 ಪಿಕ್ಸೆಲ್. 40ರಿಂದ ಭಾಗಿಸಿದರೆ ಅಡಿಗೆ 66.4. ಇದು ಕ್ಲಿಕ್ಕಿನ ದೋಷವಲ್ಲ. 68ರಂತೆ ಇದ್ದಿದ್ದರೆ 2720 ಬರಬೇಕಿತ್ತು, 64 ಪಿಕ್ಸೆಲ್ ಕಮ್ಮಿ ಬಂದಿದೆ. ಸ್ಕ್ಯಾನರ್ ಆ್ಯಪ್ ಚಿತ್ರವನ್ನು ಉದ್ದಕ್ಕೆ ನೂರಕ್ಕೆ ಎರಡೂವರೆಯಷ್ಟು ಗಿಡ್ಡ ಮಾಡಿದೆ. ಬಾಗಿಲಿನ ಹಲಗೆ ಹೇಳಿದ ಚಾಡಿ ನಿಜವಾಯಿತು.

ಇನ್ನು ಬೆಡ್‌ರೂಮಿನ ಉದ್ದದ 730ನ್ನು 66.4ರಿಂದ ಭಾಗಿಸಿ: 10.99. ಕೋಣೆ 11 ಅಡಿ. ಕಾಟು, ವಾರ್ಡ್‌ರೋಬು ಇಟ್ಟ ಮೇಲೆ ಉಳಿಯುವುದು 2 ಅಡಿ. ಇಕ್ಕಟ್ಟೇ, ಆದರೆ ಜಾರುಬಾಗಿಲಿನ ವಾರ್ಡ್‌ರೋಬ್ ಮಾಡಿಸಿದರೆ ನಡೆಯುತ್ತದೆ.

ಕೋಣೆಯ ವಿಸ್ತೀರ್ಣ ಬೇಕಾದರೆ ಎರಡು ಸ್ಕೇಲನ್ನೂ ಬಳಸಬೇಕು. ಅಡ್ಡಕ್ಕೆ 68, ಉದ್ದಕ್ಕೆ 66.4 ಎಂದರೆ ಒಂದು ಚದರ ಅಡಿಗೆ ಎರಡರ ಗುಣಲಬ್ಧ, ಸುಮಾರು 4515 ಪಿಕ್ಸೆಲ್. ಕೋಣೆಯ ಒಳಗಿನ 683 × 730 ಪಿಕ್ಸೆಲ್ಲನ್ನು ಇದರಿಂದ ಭಾಗಿಸಿದರೆ 110 ಚದರ ಅಡಿ ಚಿಲ್ಲರೆ. ಓರೆಯಾದ ಗೆರೆಯಿದ್ದರೆ, ಉದಾಹರಣೆಗೆ ಮೂಲೆ ಕತ್ತರಿಸಿದ ಸಿಟ್‌ಔಟಿನ ಓರೆಗೋಡೆ, ಅದನ್ನು ನೇರ ಅಳೆಯುವಂತಿಲ್ಲ. ಅಡ್ಡಕ್ಕೆ ಎಷ್ಟು ಸರಿದಿದೆ, ಉದ್ದಕ್ಕೆ ಎಷ್ಟು ಸರಿದಿದೆ ಎಂದು ಬೇರೆ ಬೇರೆ ಅಳೆದು, ಅಡಿಗೆ ತಿರುಗಿಸಿ, ಆಮೇಲೆ ಪೈಥಾಗೊರಸನ ಸೂತ್ರ ಹಾಕಬೇಕು. ImageJಯಲ್ಲಿ ಈ ತಾಪತ್ರಯಕ್ಕೆ ಒಂದು ಅಡ್ಡದಾರಿಯಿದೆ. ಅದೇ Set Scale ಕಿಟಕಿಯಲ್ಲಿ Pixel aspect ratio ಎಂಬ ಜಾಗವಿದೆ, 1.0 ಎಂದು ತುಂಬಿರುತ್ತದೆ. ಅಲ್ಲಿ 68ನ್ನು 66.4ರಿಂದ ಭಾಗಿಸಿದಾಗ ಬರುವ 1.024 ಎಂದು ಕೊಟ್ಟರೆ ಎರಡೂ ದಿಕ್ಕಿನ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

ಕ್ರಯಪತ್ರ ಕೈಗೆ ಸಿಗದಿದ್ದರೆ? ಆಗ ಕಟ್ಟಡದಲ್ಲೇ ಅಳತೆ ಗೊತ್ತಿರುವ ವಸ್ತುಗಳನ್ನು ಹುಡುಕಬೇಕು. ಸುಟ್ಟ ಇಟ್ಟಿಗೆಯ ಹೊರಗೋಡೆ 9 ಇಂಚು, ಒಳಗಿನ ಅಡ್ಡಗೋಡೆ ನಾಲ್ಕೂವರೆ ಇಂಚು. ಬೆಡ್‌ರೂಮಿನ ಬಾಗಿಲು 3 ಅಡಿ, ಟಾಯ್ಲೆಟ್ಟಿನದು ಎರಡೂವರೆ. ಮೆಟ್ಟಿಲಿನ ತುಳಿ 10 ಇಂಚು. ಇವು ಶಾಸನವೇನಲ್ಲ, ರೂಢಿ. ಸಿಮೆಂಟ್ ಬ್ಲಾಕಿನ ಮನೆಯಾದರೆ ಗೋಡೆ 8, 6, 4 ಇಂಚಿನದಾಗುತ್ತದೆ. ಒಂದೊಂದನ್ನೇ ನಂಬಿದರೆ ಕೈಕೊಡುತ್ತವೆ, ಎಲ್ಲ ಒಂದೇ ಮಾತು ಹೇಳಿದರೆ ನಂಬಬಹುದು. ಇವುಗಳಲ್ಲಿ ನನಗೆ ಮೆಟ್ಟಿಲಿನ ಮೇಲೆ ಹೆಚ್ಚು ವಿಶ್ವಾಸ. ಒಂದು ತುಳಿಯನ್ನು ಅಳೆದರೆ 55 ಪಿಕ್ಸೆಲ್ಲೋ 58ಓ ಎಂದು ತಿಣುಕಬೇಕು. ಸಾಲಾಗಿ ಒಂಬತ್ತು ತುಳಿಯನ್ನು ಒಟ್ಟಿಗೆ ಅಳೆದರೆ 90 ಇಂಚಿನ ಉದ್ದನೆಯ ಪಟ್ಟಿ ಸಿಗುತ್ತದೆ, ಕ್ಲಿಕ್ಕಿನ ತಪ್ಪು ಒಂಬತ್ತಕ್ಕೆ ಹಂಚಿಹೋಗುತ್ತದೆ. ಮೆಟ್ಟಿಲು ಉದ್ದಕ್ಕೆ ಹತ್ತುವಂತಿದ್ದರೆ ನಮ್ಮ ಫೋಟೊದಲ್ಲಿ ಅದು 498 ಪಿಕ್ಸೆಲ್ ಬರಬೇಕು. 68ರ ಲೆಕ್ಕದಲ್ಲಾದರೆ 510 ಇರಬೇಕಿತ್ತು. ಹನ್ನೆರಡು ಪಿಕ್ಸೆಲ್ ಅಂತರವನ್ನು ಕ್ಲಿಕ್ಕಿನ ತಲೆಗೆ ಕಟ್ಟಲು ಬರುವುದಿಲ್ಲ.

ತಾಳೆ ನೋಡುವುದರಲ್ಲಿ ಒಂದು ಪೊಳ್ಳು ತಾಳೆಯೂ ಉಂಟು, ಅದರ ಬಗ್ಗೆ ಹೇಳಲೇಬೇಕು. ಮನೆಯ ಅಗಲದಲ್ಲಿ ಬರುವುದು ಮೂರು ಗೋಡೆ, ಬೆಡ್‌ರೂಮು ಮತ್ತು ಹಾಲು. ಎಲ್ಲದರ ಪಿಕ್ಸೆಲ್ಲನ್ನೂ ಕೂಡಿಸಿ, ಹೆಚ್ಚುಕಡಿಮೆ 1632 ಬಂತು, ಲೆಕ್ಕ ಸರಿಯಾಯಿತು ಎಂದು ಖುಷಿಪಡುವವರಿದ್ದಾರೆ. ಒಂದು ಗೆರೆಯನ್ನು ಐದು ತುಂಡು ಮಾಡಿ ಮತ್ತೆ ಕೂಡಿಸಿದರೆ ಅದೇ ಗೆರೆ ಬರದೆ ಇನ್ನೇನು ಬಂದೀತು? ಸ್ಕೇಲು ತಪ್ಪಿದ್ದರೂ ಈ ಮೊತ್ತ ಸರಿಯಾಗಿಯೇ ಬರುತ್ತದೆ. ಕೂಡಿಸಬೇಕಾದದ್ದು ರೂಢಿಯ ಅಳತೆಗೆ ಹೊಂದಿಸಿದ ಮೇಲೆ. ಹಾಲಿನ ಅಗಲ 797 ಪಿಕ್ಸೆಲ್, ಅಂದರೆ 11.72 ಅಡಿ, ಬರೆದವರ ಮನಸ್ಸಿನಲ್ಲಿದ್ದದ್ದು 11'-9" ಇರಬೇಕು. ಗೋಡೆ 50 ಪಿಕ್ಸೆಲ್, 8.8 ಇಂಚು, ಅಂದರೆ 9. ಈಗ ಕೂಡಿಸಿ: 10 ಅಡಿ, 11 ಅಡಿ 9 ಇಂಚು, ಮೂರು ಗೋಡೆಗೆ 27 ಇಂಚು. ಒಟ್ಟು 24 ಅಡಿ, ಒಂದಿಂಚೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಈ ತಾಳೆಗೆ ಬೆಲೆಯಿದೆ, ಯಾಕೆಂದರೆ ಇದು ತಪ್ಪಲು ಅವಕಾಶವಿತ್ತು.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಆ ಒಂದೇ ಅಂಕಿ ಚಿತ್ರಕ್ಕೆ ಹೊಂದದೆ ಇರುವುದು. ಪ್ಲಾನು ಬರೆದಾದ ಮೇಲೆ ಮಾಲೀಕರು ಒಂದಡಿ ಹೆಚ್ಚಿಸಿ ಎಂದರೆ, ಪೂರ್ತಿ ಹಾಳೆ ಮತ್ತೆ ಬರೆಯುವ ಬದಲು ಅಂಕಿಯನ್ನಷ್ಟೇ ತಿದ್ದುವುದು ಕೈಬರಹದ ಕಾಲದಲ್ಲಿ ನಡೆಯುತ್ತಿತ್ತು. ತಿಳಿದವರು ಅಂಥ ಅಂಕಿಯ ಕೆಳಗೆ ಗೆರೆ ಎಳೆದೋ, ಎನ್‌ಟಿಎಸ್ ಎಂದು ಬರೆದೋ ಸೂಚನೆ ಕೊಡುತ್ತಿದ್ದರು. ಚಿತ್ರ ಆ ಅಳತೆಗೆ ತಕ್ಕಂತಿಲ್ಲ ಎಂದು ಅದರರ್ಥ. ನಕ್ಷೆಗಳ ಅಂಚಿನಲ್ಲಿ, ಸ್ಕೇಲು ಇಟ್ಟು ಅಳೆಯಬೇಡಿ, ಬರೆದ ಅಂಕಿಯನ್ನೇ ಅನುಸರಿಸಿ ಎಂಬ ಸೂಚನೆ ಇಂಗ್ಲಿಷಿನಲ್ಲಿ ಅಚ್ಚಾಗಿರುವುದೂ ಇದೇ ಕಾರಣಕ್ಕೆ. ಕಟ್ಟುವ ಮೇಸ್ತ್ರಿಗೆ ಆ ನಿಯಮ ಸರಿ. ಅಂಕಿಯೇ ಅಳಿಸಿಹೋದ ನಮಗೆ ಬೇರೆ ದಾರಿಯಿಲ್ಲ. ತಿದ್ದಿದ ಅಂಕಿಯನ್ನು ಗುರುತಿಸುವುದು ಹೀಗೆ: ಅದರಿಂದ ಕಟ್ಟಿದ ಸ್ಕೇಲಿನಲ್ಲಿ ಗೋಡೆ, ಬಾಗಿಲು, ಮೆಟ್ಟಿಲು ಯಾವುದೂ ರೂಢಿಯ ಅಳತೆಗೆ ಬರುವುದಿಲ್ಲ, ಎಲ್ಲವೂ ಎರಡೂ ದಿಕ್ಕಿನಲ್ಲಿ ಒಂದೇ ಪ್ರಮಾಣದಲ್ಲಿ ತಪ್ಪಿರುತ್ತವೆ. ಅಮುಕಿದ ಚಿತ್ರದಲ್ಲಾದರೆ ತಪ್ಪು ಒಂದೇ ದಿಕ್ಕಿನಲ್ಲಿರುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ದೋಷ ಅಂಕಿಯದೋ ಫೋಟೊದ್ದೋ ಎಂದು ಹೇಳಬಹುದು.

ಇನ್ನು, ಪ್ಲಾನು ಹೇಳುವುದು ಬರೆದ ಮನೆಯನ್ನು, ಕಟ್ಟಿದ ಮನೆಯನ್ನಲ್ಲ. ಪ್ಲಾನಿನ 10 ಅಡಿ ಬರಿಯ ಇಟ್ಟಿಗೆಯಿಂದ ಇಟ್ಟಿಗೆಗೆ. ಎರಡೂ ಬದಿ ಗಾರೆ ಮಾಡಿದ ಮೇಲೆ ಕೋಣೆ ಒಂದಿಂಚು ಚಿಕ್ಕದಾಗಿರುತ್ತದೆ. ಮಂಜೂರಾದ ಪ್ಲಾನೊಂದು, ಕಟ್ಟಿದ ಮನೆಯೊಂದು ಎಂಬುದೂ ನಮ್ಮ ಊರುಗಳಲ್ಲಿ ಹೊಸ ಸುದ್ದಿಯಲ್ಲ. ಹಾಗಾಗಿ ಕಾಟು ಹಿಡಿಸುತ್ತದೆಯೇ, ಕೋಣೆ ನೂರು ಚದರ ಅಡಿಗಿಂತ ದೊಡ್ಡದೇ, ಬಾಡಿಗೆಗೆ ಕೊಡಲು ಭಾಗ ಮಾಡಬಹುದೇ ಎಂಬಂಥ ಪ್ರಶ್ನೆಗಳಿಗೆ ಈ ಅಳತೆ ಧಾರಾಳ ಸಾಕು. ಅಡುಗೆಮನೆಗೆ ಗ್ರಾನೈಟ್ ಕತ್ತರಿಸಲು, ವಾರ್ಡ್‌ರೋಬಿನ ಹಲಗೆ ಆರ್ಡರ್ ಕೊಡಲು ಸಾಲದು. ಪಕ್ಕದವರ ಜೊತೆ ಎಲ್ಲೆಯ ತಕರಾರಿದ್ದರಂತೂ ಫೋಟೊ ತೆಗೆದಿಟ್ಟು ಸರ್ವೆಯವರನ್ನೇ ಕರೆಸಬೇಕು.

ಪ್ಲಾನಿನ ಫೋಟೊ ಇನ್ನೂ ಬಂದಿಲ್ಲವಾದರೆ ನಿಮ್ಮ ಕೆಲಸ ಅರ್ಧ ಹಗುರ. ಕಳಿಸುವವರಿಗೆ ಹೀಗೆ ಹೇಳಿ: ಪ್ಲಾನನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಮೇಲೆ ಮಕ್ಕಳ ಶಾಲೆಯ ಸ್ಕೇಲು ಎರಡನ್ನು ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ ಇಡಿ, ನಾಲ್ಕೂ ಮೂಲೆ ಕಾಣುವಂತೆ ನೇರ ಮೇಲಿನಿಂದ ಫೋಟೊ ತೆಗೆಯಿರಿ, ಸ್ಕ್ಯಾನರ್ ಆ್ಯಪ್ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಎರಡು ಸ್ಕೇಲಿನ ಸೆಂಟಿಮೀಟರುಗಳು ಪಿಕ್ಸೆಲ್ಲಿನಲ್ಲಿ ಒಂದೇ ಉದ್ದ ಬಂದರೆ ಕ್ಯಾಮೆರಾ ಚಿತ್ರವನ್ನು ಅಮುಕಿಲ್ಲ. ಬೇರೆ ಬೇರೆ ಬಂದರೆ ಎಷ್ಟು ಅಮುಕಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ಕ್ರಯಪತ್ರದ ಷೆಡ್ಯೂಲಿನ ಪುಟವನ್ನೂ ಕೇಳಿ ತರಿಸಿಕೊಳ್ಳಿ.